ಶೇಕಡಾ ಐವತ್ತೊಂದರ ಹಿಂದಿನ ಲೆಕ್ಕ

ಪ್ರನಾಳಶಿಶು ಚಿಕಿತ್ಸೆಗೆ ಹೊರಟ ದಂಪತಿಗಳು ‘ಯಶಸ್ಸು ಶೇಕಡಾ 51’ ಎಂಬ ಪ್ರಕಟಣೆಯನ್ನು ಕಂಡೊಡನೆ, ಅದು ಒಂದೇ ಆವರ್ತದ ಫಲವೋ ಹಲವು ಆವರ್ತಗಳ ಸಂಚಿತ ಫಲವೋ, ಎಣಿಸಿದ್ದು ಜೀವಂತ ಜನನವನ್ನೋ ಬರಿಯ ಗರ್ಭಪರೀಕ್ಷೆಯನ್ನೋ ಎಂದು ಮೊದಲು ಕೇಳತಕ್ಕದ್ದು.

ನಿದರ್ಶನಕ್ಕೆ ಹೀಗೆ ಕಲ್ಪಿಸಿಕೊಳ್ಳೋಣ: ಅಂಡೋತ್ತೇಜಕ ಚುಚ್ಚುಮದ್ದನ್ನು ಆರಂಭಿಸಿದ 100 ಮಂದಿ ಸ್ತ್ರೀಯರಲ್ಲಿ, ಆ ಆವರ್ತದ ಶೀತಲೀಕೃತ ಭ್ರೂಣಗಳ ವರ್ಗಾವಣೆಯೂ ಸೇರಿ, 30 ಮಂದಿ ಹೆತ್ತರು, ಉಳಿದ 70 ಮಂದಿಯಲ್ಲಿ 40 ಮಂದಿ ಹಣ ಸಾಲದೆಯೋ, ಮನಸ್ಸು ಬಳಲಿಯೋ, ಇನ್ನು ಆಶೆ ಅಲ್ಪವೆಂದು ವೈದ್ಯರು ನುಡಿದುದರಿಂದಲೋ ಹಿಂದೆ ಸರಿದರು, ಎರಡನೆಯ ಆವರ್ತಕ್ಕೆ ಬಂದ 30 ಮಂದಿಯಲ್ಲಿ 9 ಮಂದಿ ಹೆತ್ತರು. ನಿಜವಾಗಿ ತಾಯಂದಿರಾದವರು 39 ಮಂದಿ. ಬಿಟ್ಟುಹೋದವರಿಗೂ ಅದೇ ಭಾಗ್ಯ ಒದಗುತ್ತಿತ್ತೆಂದು ಊಹಿಸಿದರೆ ಮಾತ್ರ 70 ಮಂದಿಯಲ್ಲಿ 21 ಮಂದಿ ಹೆತ್ತಂತಾಗಿ, ಮೊದಲಿನ 30ರೊಡನೆ ಸೇರಿ ಲೆಕ್ಕವು 51ಕ್ಕೇರುತ್ತದೆ. ಬಿಟ್ಟವರಲ್ಲಿ ಕೆಲವರು ಫಲದ ಸಂಭವವೇ ಕ್ಷೀಣಿಸಿದವರಾದುದರಿಂದ ಈ ಊಹೆ ಅತ್ಯುದಾರವಾದುದು.

ಆದುದರಿಂದ ಚಿಕಿತ್ಸಾಲಯವು ಎರಡು ಅಂಕಿಗಳನ್ನೂ ಜೊತೆಯಲ್ಲಿಯೇ ಮುದ್ರಿಸಲಿ. ಭ್ರೂಣವೇ ದೊರೆಯದವರನ್ನು ಕೈಬಿಡದೆ, ಚಿಕಿತ್ಸೆ ಆರಂಭಿಸಿದವರೆಲ್ಲರನ್ನೂ ಛೇದದಲ್ಲಿರಿಸಿ, ವಯಸ್ಸಿಗನುಸಾರವಾಗಿಯೂ, ಸ್ವಂತ ಅಂಡ ಹಾಗೂ ದಾನದ ಅಂಡಗಳನ್ನು ಬೇರ್ಪಡಿಸಿಯೂ, ಎಷ್ಟು ಮಂದಿ ನಡುವೆ ಬಿಟ್ಟರೆಂಬುದನ್ನು ಮರೆಮಾಚದೆಯೂ ತಿಳಿಸಲಿ.