ಕೊನೆಯ ಅಧ್ಯಾಯದ ಮಿತಿಗಳು ಮತ್ತು ಸಲಹೆಗಳು: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಎಂ.ಎಡ್. ಡಿಸರ್ಟೇಶನ್‌ನ ಕೊನೆಯ ಅಧ್ಯಾಯ ಬರೆಯಲು ಕೂತವರಿಗೆ. ಒಂದೇ ಶಾಲೆ, ಒಂದೇ ತರಗತಿ, ಕೆಲವೇ ವಾರಗಳಲ್ಲಿ ಮುಗಿದ ಅಧ್ಯಯನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಅಧ್ಯಯನ ಚಿಕ್ಕದು ಎಂಬ ಕಾರಣಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಚಿಕ್ಕ ಅಧ್ಯಯನ ಹೊರಲಾರದ ಮಾತನ್ನು ಅದರ ಮೇಲೆ ಹೊರಿಸಿದರೆ ವೈವಾದಲ್ಲಿ ಮೊದಲ ಪ್ರಶ್ನೆಯೇ ಅಲ್ಲಿಂದ ಬರುತ್ತದೆ, ಬರಬೇಕಾದ್ದೂ ಹೌದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಕಲ್ಪಿತ ಅಧ್ಯಯನವೊಂದನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಹಳ್ಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 4ನೇ ತರಗತಿಯ 32 ಮಕ್ಕಳು. ಚೆನ್ನಾಗಿ ಓದುವ ಮಗುವಿನ ಪಕ್ಕ ತಡವರಿಸುವ ಮಗುವನ್ನು ಕೂರಿಸಿ ದಿನಕ್ಕೆ 20 ನಿಮಿಷ ಗಟ್ಟಿಯಾಗಿ ಓದಿಸುವ ‘ಜೋಡಿ ಓದು’ ಆರು ವಾರ ನಡೆಯಿತು. ಮಗು ಒಂದು ನಿಮಿಷಕ್ಕೆ ಎಷ್ಟು ಪದಗಳನ್ನು ಸರಿಯಾಗಿ ಓದುತ್ತದೆ ಎಂಬುದೇ ಅಳತೆ. ಪೂರ್ವ ಪರೀಕ್ಷೆ ನಡೆದದ್ದು ಜೂನ್ ಮೊದಲ ವಾರ, ನಂತರದ ಪರೀಕ್ಷೆ ಜುಲೈ ಕೊನೆಗೆ. ಹೋಲಿಸಲು ಬೇರೆ ತರಗತಿ ಇರಲಿಲ್ಲ. ನಂತರದ ಪರೀಕ್ಷೆಗೆ ಸಿಕ್ಕಿದವರು 28 ಮಕ್ಕಳು. ಆ 28 ಮಕ್ಕಳ ಸರಾಸರಿ 31 ಪದಗಳಿಂದ 43ಕ್ಕೆ ಏರಿತು.

ಮಿತಿಗಳು

ಬರೆಯಬಾರದ್ದು. “ಸಮಯದ ಅಭಾವದಿಂದ”, “ಹಣದ ಕೊರತೆಯಿಂದ”, “ಈ ಅಧ್ಯಯನವು 32 ವಿದ್ಯಾರ್ಥಿಗಳಿಗೆ ಮಾತ್ರ ಸೀಮಿತವಾಗಿದೆ” ಎಂಬ ವಾಕ್ಯಗಳಿಂದ ಮಿತಿಗಳ ಭಾಗವನ್ನು ತುಂಬಬೇಡಿ. ಒಂದೇ ತರಗತಿಯನ್ನು ಆರಿಸಿಕೊಂಡದ್ದು ನಿಮ್ಮ ತೀರ್ಮಾನ. ಅದರ ಜಾಗ ಮೊದಲ ಅಧ್ಯಾಯದ ವ್ಯಾಪ್ತಿಯಲ್ಲಿದೆ. ಅಲ್ಲಿ ಬರೆದದ್ದನ್ನೇ ಕೊನೆಗೆ ಮತ್ತೆ ನಕಲು ಮಾಡಿದರೆ ನಿಜವಾದ ಮಿತಿಗಳು ಹೊರಗೇ ಉಳಿಯುತ್ತವೆ. ಕೆಲಸ ನಡೆಯುವಾಗ ನಿಮ್ಮ ಕೈ ಮೀರಿದ್ದು, ನಿಮ್ಮ ವಿಧಾನ ಹಿಡಿಯಲಾರದೆ ಹೋದದ್ದು ಇಲ್ಲಿ ಬರಬೇಕು.

ಬರೆಯಬೇಕಾದ್ದು. ಪ್ರತಿ ಮಿತಿಗೂ ಮೂರು ಸಂಗತಿ ಹೇಳಿ: ಏನಾಯಿತು, ಅದು ನಿಮ್ಮ ಯಾವ ಅಂಕಿಯನ್ನು ಮುಟ್ಟುತ್ತದೆ, ಆ ಅಂಕಿಯನ್ನು ಹೆಚ್ಚಿಸುತ್ತದೋ ತಗ್ಗಿಸುತ್ತದೋ. ಮೂರನೆಯದನ್ನು ಬಹುತೇಕರು ಬಿಟ್ಟುಬಿಡುತ್ತಾರೆ, ಓದುವವರಿಗೆ ಬೇಕಾದ್ದು ಅದೇ.

ನಮ್ಮ ಉದಾಹರಣೆಯಲ್ಲಿ ದಿನಾಂಕವನ್ನೇ ಮೊದಲು ನೋಡಿ. ಜೂನ್ ಮೊದಲ ವಾರ ಎಂದರೆ ಮಕ್ಕಳು ಬೇಸಿಗೆ ರಜೆ ಮುಗಿಸಿ ಆಗಷ್ಟೇ ಬಂದಿರುತ್ತಾರೆ. ಪುಸ್ತಕ ಮುಟ್ಟಿ ಹತ್ತಿರ ಹತ್ತಿರ ಎರಡು ತಿಂಗಳಾಗಿರುತ್ತದೆ. ಶಾಲೆ ಶುರುವಾಗಿ ಕೆಲವು ವಾರ ಕಳೆದರೆ ನೀವು ಏನನ್ನೂ ಮಾಡದಿದ್ದರೂ ಓದಿನ ವೇಗ ಒಂದಿಷ್ಟು ಮರಳಿ ಬರುವ ಸಾಧ್ಯತೆ ಹೆಚ್ಚು. ಹೋಲಿಕೆಯ ತರಗತಿ ಇಲ್ಲದ್ದರಿಂದ 12 ಪದಗಳ ಏರಿಕೆಯಲ್ಲಿ ರಜೆಯ ತುಕ್ಕು ಬಿಟ್ಟದ್ದೆಷ್ಟು, ಜೋಡಿ ಓದು ಕೊಟ್ಟದ್ದೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಹೀಗೆ ಬರೆಯಿರಿ: “ಪೂರ್ವ ಪರೀಕ್ಷೆ ಬೇಸಿಗೆ ರಜೆಯ ಬೆನ್ನಿಗೇ ನಡೆದಿದೆ. ಹೋಲಿಕೆಯ ಗುಂಪು ಇರಲಿಲ್ಲ. ಆದ್ದರಿಂದ ಕಂಡುಬಂದ ಏರಿಕೆ ಜೋಡಿ ಓದಿನ ನಿಜವಾದ ಪರಿಣಾಮಕ್ಕಿಂತ ಹೆಚ್ಚಾಗಿರುವ ಸಂಭವವಿದೆ.” ಎರಡೂ ಸಲ ಅದೇ ಗದ್ಯಭಾಗವನ್ನು ಓದಿಸಿದ್ದರೆ ಅದನ್ನೂ ಸೇರಿಸಿ. ಒಮ್ಮೆ ಓದಿದ ಭಾಗ ಎರಡನೇ ಸಲ ಸುಲಭವಾಗುತ್ತದೆ, ಅದೂ ಏರಿಕೆಯ ಕಡೆಗೇ ತಳ್ಳುತ್ತದೆ. ಒಂದು ಮಿತಿ ಯಾವ ಕಡೆಗೆ ತಳ್ಳುತ್ತದೆಂದು ತಿಳಿಯದಿದ್ದರೆ ತಿಳಿಯದು ಎಂದೇ ಬರೆಯಿರಿ.

ಬಿಟ್ಟುಹೋದ ಮಕ್ಕಳನ್ನು ಮರೆಮಾಚಬಾರದು. ಕಿರುಪ್ರಬಂಧಗಳಲ್ಲಿ ಅಂಕಿ ಸದ್ದಿಲ್ಲದೆ ಹಿಗ್ಗುವುದು ಇಲ್ಲಿ. ನಮ್ಮ ಶಾಲೆಯಲ್ಲಿ ಕೊನೆಗೆ ಸಿಗದ ನಾಲ್ಕು ಮಕ್ಕಳ ಪೂರ್ವ ಪರೀಕ್ಷೆಯ ಸರಾಸರಿ 18 ಪದ ಎನ್ನಿ. ಅವರನ್ನೂ ಸೇರಿಸಿದರೆ 32 ಮಕ್ಕಳ ಆರಂಭದ ಸರಾಸರಿ ಸುಮಾರು 29.4. ಮೊದಲ ಕೋಷ್ಟಕದಲ್ಲಿ 32 ಮಕ್ಕಳ 29.4 ಅನ್ನೂ ಕೊನೆಯ ಕೋಷ್ಟಕದಲ್ಲಿ 28 ಮಕ್ಕಳ 43 ಅನ್ನೂ ಇಟ್ಟು ಕಳೆದರೆ ಏರಿಕೆ 13.6 ಎಂದು ಬರುತ್ತದೆ. ಎರಡೂ ಪರೀಕ್ಷೆ ಬರೆದ ಮಕ್ಕಳನ್ನಷ್ಟೇ ಹೋಲಿಸಿದರೆ ಅದು 12. ಹೆಚ್ಚುವರಿ 1.6 ಪದವನ್ನು ಯಾವ ಮಗುವೂ ಕಲಿತಿಲ್ಲ. ನಿಧಾನವಾಗಿ ಓದುವ ನಾಲ್ವರು ಲೆಕ್ಕದಿಂದ ಜಾರಿದ್ದರಿಂದ ಅದು ಹುಟ್ಟಿಕೊಂಡಿತು.

ನಿಮ್ಮ ಪ್ರಬಂಧದಲ್ಲಿ ಹೀಗಾಗಿದೆಯೇ ಎಂದು ತಿಳಿಯಲು ಪ್ರತಿ ಕೋಷ್ಟಕದ ಮೇಲಿರುವ ಮಕ್ಕಳ ಸಂಖ್ಯೆಯನ್ನು ಸಾಲಾಗಿ ಓದಿ. ಸಂಖ್ಯೆ ಬದಲಾದಲ್ಲಿ ನಿಲ್ಲಿ. ಯಾರು ಬಿಟ್ಟುಹೋದರು, ಅವರ ಆರಂಭದ ಅಂಕ ಎಷ್ಟಿತ್ತು ಎಂದು ತೆಗೆಯಿರಿ. ಹೋಲಿಕೆಯನ್ನು ಎರಡೂ ಕಡೆ ಇರುವ 28 ಮಕ್ಕಳಿಗೆ ಮಾತ್ರ ಮಾಡಿ, ಆಮೇಲೆ ಉಳಿದ ನಾಲ್ವರ ಬಗ್ಗೆ ಎರಡು ವಾಕ್ಯ ಬರೆಯಿರಿ. ಅವರು ಹಿಂದುಳಿದ ಓದುಗರಾಗಿದ್ದರು ಎಂದ ಮೇಲೆ, ನಿಮ್ಮ ಫಲಿತಾಂಶ ತೀರ ಹಿಂದುಳಿದವರ ಬಗ್ಗೆ ಹೇಳುವುದು ಕಡಿಮೆಯೇ ಎಂಬುದೂ ಅಲ್ಲಿ ಬರಲಿ. ಹಾಜರಿ ಪುಸ್ತಕವನ್ನೂ ನೋಡಿ. ಹೆಸರಿಗೆ ಆರು ವಾರ ನಡೆದರೂ ಕೆಲವು ಮಕ್ಕಳು ಅರ್ಧದಷ್ಟು ದಿನವೂ ಜೋಡಿಯಲ್ಲಿ ಕೂತಿರುವುದಿಲ್ಲ.

ಇದನ್ನು ಬರೆಯುವಾಗ ಮಕ್ಕಳ ಗುರುತು ಬಿಟ್ಟುಕೊಡಬೇಡಿ. ನಾಲ್ಕೇ ಮಕ್ಕಳು ಇರುವಲ್ಲಿ ಜಾತಿ, ಕೇರಿ, ತಂದೆತಾಯಿಯ ಕಸುಬು ಬರೆದರೆ ಊರಿನವರಿಗೆ ಹೆಸರು ಹೇಳಿದಂತೆಯೇ. ‘ನಾಲ್ವರು ಗೈರುಹಾಜರಾಗಿದ್ದರು, ಅವರ ಆರಂಭದ ಸರಾಸರಿ 18’ ಎಂದರೆ ಸಾಕು.

ಸಾರ್ಥಕ ಎಂಬ ಮಾತನ್ನು ಪುರಾವೆಯ ಜಾಗದಲ್ಲಿ ಇಡಬಾರದು. 28 ಮಕ್ಕಳ ಏರಿಕೆಗಳ ಮಾನಕ ವಿಚಲನೆ 15 ಇದ್ದರೆ ಟಿ ಮೌಲ್ಯ ಸುಮಾರು 4.2 ಬರುತ್ತದೆ, 0.01 ಮಟ್ಟದಲ್ಲಿ ಸಾರ್ಥಕವೂ ಆಗುತ್ತದೆ. ಇಷ್ಟು ಏರಿಕೆ ಬರೀ ಆಕಸ್ಮಿಕವಾಗಿ ಬರುವುದು ಅಪರೂಪ ಎಂದಷ್ಟೇ ಅದು ಹೇಳುತ್ತದೆ. ಏರಿಸಿದ್ದು ಜೋಡಿ ಓದೋ, ರಜೆ ಮುಗಿದದ್ದೋ, ಗೊತ್ತಿದ್ದ ಗದ್ಯಭಾಗವೋ ಎಂಬುದನ್ನು ಟಿ ಪರೀಕ್ಷೆ ಹೇಳಲಾರದು. ಸರಾಸರಿ ಏರಿಕೆಯ ಜೊತೆ ಅದರ ವ್ಯಾಪ್ತಿಯನ್ನೂ ಕೊಡಿ: ಶೇ. 95ರ ವಿಶ್ವಾಸದಲ್ಲಿ ಇಲ್ಲಿ ಅದು ಸುಮಾರು 6ರಿಂದ 18 ಪದ. ಇಷ್ಟು ಅಗಲವಾದ ವ್ಯಾಪ್ತಿಯನ್ನು ಕಣ್ಣಾರೆ ಕಂಡ ಓದುಗರಿಗೆ “ಮಾದರಿ ಚಿಕ್ಕದು” ಎಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಮಿತಿಗಳನ್ನು ಬರೆದು ಮುಗಿಸಿದ ಮೇಲೆ ಹಿಂದಕ್ಕೆ ಹೋಗಿ ಫಲಿತಾಂಶದ ವಾಕ್ಯವನ್ನು ತಿದ್ದಲೇಬೇಕು. “ಜೋಡಿ ಓದು ಓದಿನ ವೇಗವನ್ನು ಹೆಚ್ಚಿಸುತ್ತದೆ” ಎಂದಿದ್ದರೆ ತೆಗೆಯಿರಿ. “ಆರು ವಾರ ಜೋಡಿ ಓದು ನಡೆದ ಈ ತರಗತಿಯ 28 ಮಕ್ಕಳ ಓದಿನ ವೇಗ ಎರಡು ಪರೀಕ್ಷೆಗಳ ನಡುವೆ ಸರಾಸರಿ 12 ಪದ ಹೆಚ್ಚಿತು” ಎಂದು ಬರೆಯಿರಿ. ಎರಡನೆಯ ವಾಕ್ಯವನ್ನು ಯಾವ ಪರೀಕ್ಷಕರೂ ಅಲ್ಲಗಳೆಯಲಾರರು. ಮೂರು ಪುಟ ಮಿತಿ ಬರೆದು ಫಲಿತಾಂಶದ ವಾಕ್ಯವನ್ನು ಇದ್ದ ಹಾಗೆಯೇ ಬಿಟ್ಟರೆ ಆ ಮೂರು ಪುಟ ವ್ಯರ್ಥ.

ಸಲಹೆಗಳು

ಬರೆಯಬಾರದ್ದು. “ಸರ್ಕಾರವು ರಾಜ್ಯದ ಎಲ್ಲ ಶಾಲೆಗಳಲ್ಲಿ ಜೋಡಿ ಓದನ್ನು ಕಡ್ಡಾಯಗೊಳಿಸಬೇಕು” ಎಂದು ಬರೆಯಬೇಡಿ. 28 ಮಕ್ಕಳ ಮೇಲೆ ನಿಂತು ಆ ಮಾತು ಆಡಲು ಬರುವುದಿಲ್ಲ. “ಪೋಷಕರು ಮಕ್ಕಳ ಓದಿಗೆ ಗಮನ ಕೊಡಬೇಕು”, “ಶಾಲೆಗೆ ಗ್ರಂಥಾಲಯ ಬೇಕು”, “ಮೊಬೈಲ್ ಬಳಕೆ ತಗ್ಗಬೇಕು” ಎಂಬವು ಒಳ್ಳೆಯ ಮಾತುಗಳೇ ಇರಬಹುದು. ಆದರೆ ನೀವು ಪೋಷಕರನ್ನು ಕೇಳಿಲ್ಲ, ಗ್ರಂಥಾಲಯ ನೋಡಿಲ್ಲ, ಮೊಬೈಲಿನ ಬಗ್ಗೆ ಒಂದು ಪ್ರಶ್ನೆಯನ್ನೂ ಹಾಕಿಲ್ಲ. ಪ್ರತಿ ಸಲಹೆಯ ಪಕ್ಕದಲ್ಲಿ ಅದಕ್ಕೆ ಆಧಾರವಾದ ಕೋಷ್ಟಕದ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದು ನೋಡಿ. ಸಂಖ್ಯೆ ಸಿಗದ ಸಲಹೆಯನ್ನು ಹೊಡೆದುಹಾಕಿ. ಹತ್ತು ಸಲಹೆ ಎರಡಕ್ಕೆ ಇಳಿದರೂ ಪರವಾಗಿಲ್ಲ.

ಬರೆಯಬೇಕಾದ್ದು. ಯಾರು, ಏನನ್ನು, ದಿನದ ಯಾವ ಹೊತ್ತಿನಲ್ಲಿ, ಏನಿಟ್ಟುಕೊಂಡು ಮಾಡಬೇಕು, ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಹೇಗೆ ತಿಳಿಯಬೇಕು ಎಂಬಷ್ಟೂ ಸಲಹೆಯಲ್ಲಿ ಇರಲಿ. ನೀವು ಮಾಡಿ ನೋಡಿದ ಪ್ರಮಾಣವನ್ನೇ ಹೇಳಿ. ದಿನಕ್ಕೆ 20 ನಿಮಿಷ ಮಾಡಿಸಿ, ಸಲಹೆಯಲ್ಲಿ “ವಾರಕ್ಕೆ ಎರಡು ದಿನ” ಎಂದರೆ ನೀವು ನೋಡದ್ದನ್ನು ಹೇಳಿದಂತಾಯಿತು.

ನಮ್ಮ ಅಧ್ಯಯನದಿಂದ ಹೊರಡಬಹುದಾದ ಸಲಹೆ ಹೀಗಿರುತ್ತದೆ: “ಇಂಥದೇ ಶಾಲೆಯ 4ನೇ ತರಗತಿಯ ಕನ್ನಡ ಶಿಕ್ಷಕರು ಕನ್ನಡ ಅವಧಿಯ ಮೊದಲ 20 ನಿಮಿಷವನ್ನು ಆರು ವಾರ ಜೋಡಿ ಓದಿಗೆ ಕೊಟ್ಟು ನೋಡಬಹುದು. ಪಠ್ಯಪುಸ್ತಕವೇ ಸಾಕು, ಬೇರೆ ಖರ್ಚಿಲ್ಲ. ಆರಂಭದಲ್ಲಿ ಮತ್ತು ಕೊನೆಯಲ್ಲಿ ಒಂದೇ ಮಟ್ಟದ ಬೇರೆ ಬೇರೆ ಗದ್ಯಭಾಗಗಳನ್ನು ಪ್ರತಿ ಮಗುವಿನಿಂದ ಒಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದ ಎಣಿಸಿ ಬರೆದಿಟ್ಟುಕೊಳ್ಳಬೇಕು. ಮೂರು ವಾರ ಕಳೆದರೂ ಏರದ ಮಗುವಿನ ಜೋಡಿಯನ್ನು ಬದಲಿಸಿ ನೋಡಬಹುದು.” ಕೊನೆಯ ವಾಕ್ಯಕ್ಕೆ ಆಧಾರ ಬೇಕು. ನಿಮ್ಮ ಅಧ್ಯಯನದಲ್ಲಿ ಜೋಡಿ ಬದಲಿಸಿ ನೋಡಿದ್ದರೆ ಮಾತ್ರ ಇಡಿ, ಇಲ್ಲದಿದ್ದರೆ ಅದನ್ನು ಮುಂದಿನ ಸಂಶೋಧನೆಯ ಭಾಗಕ್ಕೆ ಕಳಿಸಿ.

“ಕೊಟ್ಟು ನೋಡಬಹುದು” ಎಂಬಲ್ಲಿ “ಕೊಡಲೇಬೇಕು” ಎಂದು ತಿದ್ದಬೇಡಿ. ಮಿತಿಗಳಲ್ಲಿ ನೀವು ಒಪ್ಪಿಕೊಂಡ ಅನುಮಾನ ಸಲಹೆಯ ಕ್ರಿಯಾಪದದಲ್ಲಿ ಕಾಣಬೇಕು. ಸಲಹೆ ಮುಟ್ಟಬೇಕಾದ ದೂರವೂ ಅಷ್ಟೇ ಇರಲಿ. ಒಂದು ಶಾಲೆಯ ಅನುಭವವನ್ನು ಸಿ.ಆರ್.ಪಿ. ಕರೆಯುವ ಸಮಾಲೋಚನಾ ಸಭೆಯಲ್ಲಿ ಅಕ್ಕಪಕ್ಕದ ಶಾಲೆಗಳ ಶಿಕ್ಷಕರ ಮುಂದೆ ಇಡುವುದು ತಕ್ಕ ಸಲಹೆ. ಡಯಟ್‌ಗೆ ಏನಾದರೂ ಹೇಳಬೇಕೆನಿಸಿದರೆ, ಹೋಲಿಕೆಯ ಗುಂಪು ಇಟ್ಟು ಕೆಲವು ಶಾಲೆಗಳಲ್ಲಿ ಮತ್ತೆ ಪರೀಕ್ಷಿಸಿ ಎಂದು ಕೇಳಿ.

ಮುಂದಿನ ಸಂಶೋಧನೆಗೆ. “ದೊಡ್ಡ ಮಾದರಿಯ ಮೇಲೆ ಅಧ್ಯಯನ ನಡೆಸಬಹುದು” ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ರಜೆಯ ಬೆನ್ನಿಗೆ ನಡೆದ ಇದೇ ಅಧ್ಯಯನವನ್ನು ಸಾವಿರ ಮಕ್ಕಳ ಮೇಲೆ ಮಾಡಿದರೂ ರಜೆಯ ತೊಡಕು ಹಾಗೆಯೇ ಇರುತ್ತದೆ. ನಿಮ್ಮ ಮಿತಿಗಳನ್ನೇ ತಿರುಗಿಸಿ ಪ್ರಶ್ನೆ ಮಾಡಿ: ಪರೀಕ್ಷೆಯನ್ನು ಜುಲೈ ಮಧ್ಯದಲ್ಲಿ ಶುರುಮಾಡಿದರೆ, ಪಕ್ಕದ ಶಾಲೆಯ ಅದೇ ತರಗತಿಯನ್ನು ಹೋಲಿಕೆಗೆ ಇಟ್ಟರೆ, ಜೋಡಿ ಓದು ನಿಲ್ಲಿಸಿ ಮೂರು ತಿಂಗಳಾದ ಮೇಲೆ ಮತ್ತೆ ಅಳೆದರೆ ಏರಿಕೆ ಎಷ್ಟು ಉಳಿಯುತ್ತದೆ?

ಬೈಂಡಿಂಗ್‌ಗೆ ಕೊಡುವ ಮೊದಲು ಸಲಹೆಗಳ ಪುಟವನ್ನು ಆ ತರಗತಿಯ ಶಿಕ್ಷಕಿಗೆ ಓದಿ ಹೇಳಲೇಬೇಕು. ಅವರು ಹೀಗೆ ಕೇಳಿಯಾರು: “ನೀವೂ ಇದ್ರಿ, ನಾನೂ ಇದ್ದೆ, ಅದಕ್ಕೇ ನಡೀತು. ನಾನೊಬ್ಬಳೇ ಆದ್ರೆ ಹದಿನಾರು ಜೋಡಿ ನೋಡ್ಕೊಳ್ಳೋದು ಹೇಗೆ? ಪಕ್ಕದ ತರಗತೀಲಿ ಮೇಷ್ಟ್ರು ಇಲ್ದಿದ್ರೆ ಅದನ್ನೂ ನಾನೇ ನೋಡ್ಬೇಕು.” ಆರು ವಾರವೂ ತರಗತಿಯಲ್ಲಿ ಇಬ್ಬರು ದೊಡ್ಡವರು ಇದ್ದರು ಎಂಬ ಸಂಗತಿ ನಿಮ್ಮ ವಿಧಾನದ ಅಧ್ಯಾಯದಲ್ಲಿ ಬಾರದೇ ಹೋಗಿರಬಹುದು. ಅದನ್ನು ಅಲ್ಲಿಗೆ ಸೇರಿಸಿ, ಮಿತಿಗಳಿಗೂ ಸೇರಿಸಿ. ಸಲಹೆಯ ಕೆಳಗೆ ಹೀಗೆ ಬರೆಯಿರಿ: “ಈ ಚಟುವಟಿಕೆಯನ್ನು ಇಬ್ಬರು ಸೇರಿ ನಡೆಸಿದ್ದೇವೆ. ಒಬ್ಬರೇ ಶಿಕ್ಷಕರು ಎರಡು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಇದನ್ನು ನಡೆಸಿ ನೋಡಿಲ್ಲ.”