ತೋಟದ ನಷ್ಟವನ್ನು ಎಲ್ಲಿ ಕಳೆಯಬೇಕು?

ಸಕಲೇಶಪುರ, ಆಲೂರಿನ ಕಡೆಯಿಂದ ಬಂದು ಬಿ.ಕಾಂ. ಓದುತ್ತಿರುವ ಮಕ್ಕಳೇ, ಒಟ್ಟು ಆದಾಯದ ಲೆಕ್ಕದಲ್ಲಿ ನಿಮ್ಮ ಅಂಕ ಹೋಗುವುದು ಕೂಡುವುದರಲ್ಲಿ ಅಲ್ಲ. ಯಾವ ನಷ್ಟವನ್ನು ಯಾವುದರಲ್ಲಿ, ಯಾವ ಕ್ರಮದಲ್ಲಿ ಕಳೆಯಬೇಕು ಎಂಬುದರಲ್ಲಿ. ನಮ್ಮೂರಿಗೇ ಹೊಂದುವ ಒಂದು ಲೆಕ್ಕವನ್ನು 1961ರ ಕಾಯ್ದೆ, ಹಳೆಯ ತೆರಿಗೆ ಪದ್ಧತಿಯಂತೆ ಬಿಡಿಸೋಣ.

ಆಲೂರಿನ ಒಬ್ಬ ಅಧ್ಯಾಪಕರಿಗೆ ಕಡಿತಗಳೆಲ್ಲ ಕಳೆದು ಸಂಬಳ 6,00,000 ರೂಪಾಯಿ. ಬಾಡಿಗೆಗೆ ಕೊಟ್ಟ ಮನೆಯಲ್ಲಿ, ಸಾಲದ ಬಡ್ಡಿಯಿಂದಾಗಿ 2,60,000 ನಷ್ಟ. ತಾವೇ ಬೆಳೆದು ತಾವೇ ಕ್ಯೂರಿಂಗ್ ಮಾಡಿ ಮಾರಿದ ಕಾಫಿಯಲ್ಲಿ 4,00,000 ನಷ್ಟ. ಹೋಂಸ್ಟೇಯಿಂದ 70,000 ಲಾಭ. ಬ್ಯಾಂಕ್ ಠೇವಣಿಯ ಬಡ್ಡಿ 40,000.

ಮೊದಲು ಕಾಫಿಯನ್ನು ನೋಡಿ. ಹಣ್ಣನ್ನು ಪಲ್ಪ್ ಮಾಡಿ ಒಣಗಿಸಿ ಪಾರ್ಚ್‌ಮೆಂಟ್ ಆಗಿ ಮಾರಿದ್ದರೆ ಪೂರಾ ಕೃಷಿ ಆದಾಯವೇ. 1942ರ ಕಾಫಿ ಕಾಯ್ದೆ ಪಲ್ಪಿಂಗನ್ನು ಕ್ಯೂರಿಂಗ್ ಎಂದು ಎಣಿಸುವುದಿಲ್ಲ. ಇಲ್ಲಿ ಕ್ಯೂರಿಂಗ್ ಆಗಿದೆ, ಹಾಗಾಗಿ ನಿಯಮ 7ಬಿ ಪ್ರಕಾರ ಶೇ. 25 ಮಾತ್ರ ವ್ಯಾಪಾರದ ಪಾಲು. ಲಾಭಕ್ಕೆ ಹೇಗೋ ನಷ್ಟಕ್ಕೂ ಹಾಗೆಯೇ. ವ್ಯಾಪಾರ ನಷ್ಟ 1,00,000. ಉಳಿದ 3,00,000 ಕೃಷಿಯ ನಷ್ಟ; ತೆರಿಗೆಯಿಲ್ಲದ ಆದಾಯದ ನಷ್ಟವನ್ನು ತೆರಿಗೆಯಿರುವ ಆದಾಯದಲ್ಲಿ ಕಳೆಯುವಂತಿಲ್ಲ.

ಈಗ ಅದೇ ಶೀರ್ಷಿಕೆಯೊಳಗಿನ ಹೊಂದಾಣಿಕೆ. ಹೋಂಸ್ಟೇ ಲಾಭ 70,000 ಕಳೆದರೆ 30,000 ವ್ಯಾಪಾರ ನಷ್ಟ ಉಳಿಯಿತು. ಇದನ್ನು ಸಂಬಳದಲ್ಲಿ ಕಳೆಯಲು ಕಾಯ್ದೆ ಬಿಡುವುದಿಲ್ಲ. ಬಡ್ಡಿಯಲ್ಲಿ ಕಳೆಯಬಹುದು. 40,000ದಲ್ಲಿ 10,000 ಉಳಿಯಿತು.

ಮನೆಯ ನಷ್ಟವನ್ನು ಬೇರೆ ಶೀರ್ಷಿಕೆಗಳಲ್ಲಿ ವರ್ಷಕ್ಕೆ 2,00,000 ತನಕ ಮಾತ್ರ ಕಳೆಯಬಹುದು. ಅದನ್ನು ಸಂಬಳದಲ್ಲಿ ಕಳೆಯಿರಿ. ಸಂಬಳ 4,00,000, ಬಡ್ಡಿ 10,000, ಒಟ್ಟು 4,10,000. ಉಳಿದ 60,000 ಮನೆ ನಷ್ಟ ಎಂಟು ವರ್ಷ ಮುಂದಕ್ಕೆ ಹೋಗುತ್ತದೆ, ಮನೆಯ ಆದಾಯದಲ್ಲಿ ಮಾತ್ರ ಕಳೆಯಲು.

ಕ್ರಮ ತಪ್ಪಿದರೆ ಏನಾಗುತ್ತದೆ, ನೋಡಿ. ಮನೆಯ ನಷ್ಟವನ್ನು ಮೊದಲು ಬಡ್ಡಿಯಲ್ಲಿ ಕಳೆದರೆ ಬಡ್ಡಿ ಅಲ್ಲೇ ಮುಗಿಯುತ್ತದೆ. ಸಂಬಳದಲ್ಲಿ 1,60,000 ಮಾತ್ರ ಹೋಗಿ 4,40,000 ಉಳಿಯುತ್ತದೆ. ಸಂಬಳವನ್ನು ಮುಟ್ಟಲಾಗದ ವ್ಯಾಪಾರ ನಷ್ಟಕ್ಕೆ ಜಾಗವೇ ಇಲ್ಲ. ಅದನ್ನು ಮುಂದಕ್ಕೆ ಒಯ್ಯಬೇಕು. ಎಂಟು ವರ್ಷದೊಳಗೆ ವ್ಯಾಪಾರದ ಲಾಭದಲ್ಲೇ ಕಳೆಯಬೇಕು, ಅದೂ ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ. ಮನೆಯ ನಷ್ಟಕ್ಕೆ ಈ ಗಡುವಿನ ಷರತ್ತಿಲ್ಲ.

ಪ್ರಶ್ನೆಯಲ್ಲಿ ಹೊಸ ಪದ್ಧತಿ ಎಂದಿದ್ದರೆ ಮನೆಯ ನಷ್ಟವನ್ನು ಸಂಬಳದಲ್ಲಿ ಕಳೆಯಬೇಡಿ. ಅಲ್ಲಿ ಆ ಅವಕಾಶವಿಲ್ಲ.

ಆದ್ದರಿಂದ ಮಕ್ಕಳೇ, ಲೆಕ್ಕಕ್ಕೆ ಕೈ ಹಾಕುವ ಮುನ್ನ ಪ್ರತಿ ನಷ್ಟದ ಪಕ್ಕದಲ್ಲಿ ಅದು ಯಾವ ಆದಾಯವನ್ನು ಮುಟ್ಟುವಂತಿಲ್ಲ ಎಂದು ಬರೆದುಕೊಳ್ಳಿ. ಹೆಚ್ಚು ಕಟ್ಟುಪಾಡಿರುವ ನಷ್ಟಕ್ಕೆ ಮೊದಲು ಜಾಗ ಕೊಡಿ.