ತಲೆಯ ಮೇಲಿನ ಗುಂಡು ಬೋಳು ಜಾಗ: ಎಲ್ಲವೂ ಹುಳುಕಡ್ಡಿಯಲ್ಲ

ತರಗತಿ: 8
ವಿಷಯ: ವಿಜ್ಞಾನ
ಘಟಕ: ಸೂಕ್ಷ್ಮಜೀವಿಗಳು
ಉಪಘಟಕ: ಶಿಲೀಂಧ್ರದಿಂದ ಬರುವ ಕಾಯಿಲೆಗಳು
ಅವಧಿ: 40 ನಿಮಿಷ

ಶಿಲೀಂಧ್ರದಿಂದ ಬರುವ ಕಾಯಿಲೆಗಳಿಗೆ ಹುಳುಕಡ್ಡಿಯನ್ನು ಉದಾಹರಣೆಯಾಗಿ ಕೊಡುವುದು ವಾಡಿಕೆ. "ಚರ್ಮದ ಮೇಲೆ ಗುಂಡಗಿನ ಕಲೆ, ಮುಟ್ಟಿದರೆ ಹರಡುತ್ತದೆ" ಎಂದು ಬರೆಸಿ ನಾವು ಮುಂದಕ್ಕೆ ಹೋಗುತ್ತೇವೆ. ಇಷ್ಟನ್ನೇ ಕಲಿತ ಮಗು ಸಹಪಾಠಿಯ ತಲೆಯಲ್ಲಿ ರೂಪಾಯಿ ನಾಣ್ಯದಷ್ಟು ಬೋಳು ಜಾಗ ಕಂಡರೆ ಅದನ್ನೂ ಹುಳುಕಡ್ಡಿ ಎಂದೇ ತೀರ್ಮಾನಿಸುತ್ತದೆ. ಊರಿನಲ್ಲಿ "ಹುಳ ತಿಂದಿದೆ" ಎಂಬ ಮಾತು ಮೊದಲೇ ಇರುತ್ತದೆ. ಆ ಮಗುವಿನ ಪಕ್ಕದ ಜಾಗ ಖಾಲಿಯಾಗಲು ಒಂದು ದಿನ ಸಾಕು.

ಹೀಗೆ ಹಠಾತ್ತನೆ ಗುಂಡಗೆ ಕೂದಲು ಹೋಗಲು ಮಕ್ಕಳಲ್ಲಿ ಎರಡು ಮುಖ್ಯ ಕಾರಣಗಳಿವೆ. ಒಂದು ಟೀನಿಯ ಕ್ಯಾಪಿಟಿಸ್, ಅಂದರೆ ತಲೆಯ ಹುಳುಕಡ್ಡಿ. ಇದು ಶಿಲೀಂಧ್ರದ ಸೋಂಕು. ಇನ್ನೊಂದು ಅಲೋಪೀಶಿಯ ಏರಿಯೇಟಾ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ತಿರುಗಿಬೀಳುವ ಸ್ವಯಂನಿರೋಧಕ ಕಾಯಿಲೆ. ಮೊದಲನೆಯದು ಅಂಟುತ್ತದೆ, ಎರಡನೆಯದು ಅಂಟುವುದೇ ಇಲ್ಲ. ಈ ವ್ಯತ್ಯಾಸವನ್ನು ಬೋಧನಾಭ್ಯಾಸದ ಒಂದು ಅವಧಿಯಲ್ಲಿ ಕಲಿಸಿದ ಕ್ರಮ ಇಲ್ಲಿದೆ.

ಕಲಿಕಾ ಉದ್ದೇಶಗಳು

1. ಹಾನಿ ಕೂದಲಿನ ಯಾವ ಭಾಗದಲ್ಲಿ ಆಗುತ್ತದೆ ಎಂಬುದರಿಂದ ಎರಡೂ ಕಾಯಿಲೆಗಳ ಲಕ್ಷಣಗಳನ್ನು ವಿವರಿಸುವುದು.
2. ಕೊಟ್ಟ ವಿವರಗಳನ್ನು ಪರಿಶೀಲಿಸಿ, ಯಾವುದು ಸಂಭವ ಎಂದು ಕಾರಣಸಹಿತ ಹೇಳುವುದು.
3. ಕಣ್ಣಿನಿಂದ ನೋಡಿ ಹೇಳಲಾಗದ ಸಂದರ್ಭವನ್ನು ಗುರುತಿಸುವುದು.

ಕಲಿಕೋಪಕರಣಗಳು: ಭೂತಗನ್ನಡಿ, ಬಾಚಣಿಗೆಯಲ್ಲಿ ಉಳಿದ ಕೂದಲು, ಕೂದಲಿನ ಬುಡದ ಚಿತ್ರಪಟ, ಮೂರು ವಿವರ ಕಾರ್ಡ್‌ಗಳು.

ಹಂತ 1: ಸತ್ತ ಭಾಗ, ಜೀವಂತ ಭಾಗ

ಪೂರ್ವಜ್ಞಾನ ತಿಳಿಯಲು ಕೇಳಿದ ಮೊದಲ ಪ್ರಶ್ನೆ, "ಕೂದಲು ಕತ್ತರಿಸಿದಾಗ ಏಕೆ ನೋಯುವುದಿಲ್ಲ, ಕಿತ್ತಾಗ ಏಕೆ ನೋಯುತ್ತದೆ?" ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ ಎಂಬ ಉತ್ತರ ಮಕ್ಕಳಿಂದಲೇ ಬಂತು. ಅಲ್ಲಿಂದ ಚಿತ್ರಪಟಕ್ಕೆ ಬಂದೆ. ಕೂದಲಿನ ದಂಡು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್‌ನಿಂದ ಆಗಿದ್ದು, ಅದು ಸತ್ತ ಭಾಗ. ಚರ್ಮದೊಳಗಿರುವ ಬುಡದ ಉಬ್ಬು ಜೀವಂತ ಭಾಗ. ಅಲ್ಲಿ ಕೋಶಗಳು ವಿಭಜನೆಯಾಗಿ ಕೂದಲನ್ನು ಮೇಲಕ್ಕೆ ತಳ್ಳುತ್ತವೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹಾಗಾಗಿ ಒಂದೇ ಕೂದಲಿನಲ್ಲಿ ತುದಿ ಹಳೆಯದು, ಬುಡ ಹೊಸದು. ಮುಂದಿನ ಪಾಠವೆಲ್ಲ ನಿಂತಿರುವುದು ಈ ಒಂದು ವಾಕ್ಯದ ಮೇಲೆ. ಆದ್ದರಿಂದ ಇದನ್ನು ಕಪ್ಪುಹಲಗೆಯ ಮೂಲೆಯಲ್ಲಿ ಕೊನೆಯವರೆಗೂ ಅಳಿಸದೆ ಉಳಿಸಿದೆ.

ಹಂತ 2: ದಂಡನ್ನು ತಿನ್ನುವ ಶಿಲೀಂಧ್ರ

ತಲೆಯ ಹುಳುಕಡ್ಡಿಗೆ ಹುಳುವಿಗೂ ಸಂಬಂಧವಿಲ್ಲ. ಟ್ರೈಕೊಫೈಟಾನ್ ಮತ್ತು ಮೈಕ್ರೊಸ್ಪೋರಮ್ ಎಂಬ ಶಿಲೀಂಧ್ರ ಕುಲಗಳು ಇದಕ್ಕೆ ಕಾರಣ. ಇವುಗಳ ಆಹಾರ ಕೆರಾಟಿನ್. ಶಿಲೀಂಧ್ರದ ಎಳೆಗಳು ಚರ್ಮದ ಹೊರಪದರದಲ್ಲಿ ಬೆಳೆದು, ಕೂದಲಿನ ದಂಡನ್ನು ಹಿಡಿದು ಚರ್ಮದೊಳಕ್ಕೆ ಇಳಿಯುತ್ತವೆ. ಜೀವಂತ ಬುಡದ ಉಬ್ಬು ಆರಂಭವಾಗುವ ಜಾಗದಲ್ಲಿ ನಿಲ್ಲುತ್ತವೆ, ಏಕೆಂದರೆ ಅಲ್ಲಿ ಗಟ್ಟಿಯಾದ ಕೆರಾಟಿನ್ ಇನ್ನೂ ಸಿದ್ಧವಾಗಿರುವುದಿಲ್ಲ.

ಇಷ್ಟು ತಿಳಿದರೆ ಲಕ್ಷಣಗಳನ್ನು ಬಾಯಿಪಾಠ ಮಾಡಬೇಕಿಲ್ಲ. ದಂಡು ಟೊಳ್ಳಾದ್ದರಿಂದ ಕೂದಲು ಮುರಿಯುತ್ತದೆ. ಕೆಲವು ಜಾತಿಗಳಲ್ಲಿ ಚರ್ಮದ ಮಟ್ಟದಲ್ಲೇ ಮುರಿದು ಕಪ್ಪು ಚುಕ್ಕೆಗಳಂತೆ ಕಾಣುತ್ತದೆ. ಭಾರತದಲ್ಲಿ ಹೆಚ್ಚಾಗಿ ಸಿಗುವ ಟ್ರೈಕೊಫೈಟಾನ್ ವಯೊಲೇಸಿಯಮ್ ಹೀಗೆ ಮಾಡುತ್ತದೆ. ಚರ್ಮದ ಹೊರಪದರವೂ ಸೋಂಕಿತವಾದ್ದರಿಂದ ಹೊಟ್ಟು ಏಳುತ್ತದೆ, ಸಾಮಾನ್ಯವಾಗಿ ತುರಿಕೆ ಇರುತ್ತದೆ. ಮುರಿದ ಕೂದಲಿನಲ್ಲೂ ಹೊಟ್ಟಿನಲ್ಲೂ ಶಿಲೀಂಧ್ರ ಇರುವುದರಿಂದ ಬಾಚಣಿಗೆ, ಟೋಪಿ, ದಿಂಬು, ಕ್ಷೌರದ ಯಂತ್ರಗಳ ಮೂಲಕ ಅದು ಮತ್ತೊಬ್ಬರಿಗೆ ದಾಟುತ್ತದೆ. ಬೆಕ್ಕು, ನಾಯಿಮರಿಗಳಿಂದಲೂ ಬರಬಹುದು.

"ತಲೆ ಬೋಳಿಸಿದರೆ ಹೋಗುತ್ತಾ ಟೀಚರ್?" ಎಂದು ಒಬ್ಬ ಕೇಳಿದ. ಉತ್ತರವನ್ನು ಚಿತ್ರಪಟದಲ್ಲೇ ಹುಡುಕಲು ಹೇಳಿದೆ. ಬ್ಲೇಡು ಚರ್ಮದ ಮೇಲಿನದನ್ನು ಮಾತ್ರ ತೆಗೆಯುತ್ತದೆ, ಶಿಲೀಂಧ್ರ ಕೆಳಗೂ ಇದೆ. ಮುಲಾಮು ಸಾಲದಿರುವುದಕ್ಕೂ ಇದೇ ಕಾರಣ. ಅದು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಗ್ರೀಸಿಯೋಫುಲ್ವಿನ್, ಟರ್ಬಿನಾಫಿನ್‌ನಂಥ ಮಾತ್ರೆಯನ್ನು ವೈದ್ಯರ ಸಲಹೆಯಂತೆ ನುಂಗಬೇಕು. ಗ್ರೀಸಿಯೋಫುಲ್ವಿನ್ ಹೊಸದಾಗಿ ತಯಾರಾಗುವ ಕೆರಾಟಿನ್‌ನಲ್ಲಿ ಸೇರಿಕೊಳ್ಳುತ್ತದೆ. ಆ ಔಷಧಯುಕ್ತ ಕೂದಲು ಬೆಳೆದು ಸೋಂಕಿತ ಭಾಗವನ್ನು ಹೊರಕ್ಕೆ ತಳ್ಳಬೇಕು. ಅದಕ್ಕೇ 6ರಿಂದ 8 ವಾರ ಬೇಕಾಗುತ್ತದೆ. ಹತ್ತು ದಿನಕ್ಕೆ ತುರಿಕೆ ನಿಂತಿತೆಂದು ಬಿಟ್ಟರೆ ಮರುಕಳಿಸುತ್ತದೆ. ಶಿಲೀಂಧ್ರನಾಶಕ ಶಾಂಪೂ ಹರಡುವುದನ್ನು ಕಡಿಮೆ ಮಾಡುತ್ತದೆ, ಅದೊಂದರಿಂದಲೇ ಕಾಯಿಲೆ ವಾಸಿಯಾಗುವುದಿಲ್ಲ.

ಹಂತ 3: ಬುಡದಲ್ಲೇ ನಿಂತ ಕೆಲಸ

ಅಲೋಪೀಶಿಯ ಏರಿಯೇಟಾದಲ್ಲಿ ಹೊರಗಿನ ಜೀವಿ ಯಾವುದೂ ಇಲ್ಲ. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಟಿ ಕೋಶಗಳು ಬೆಳೆಯುತ್ತಿರುವ ಕೂದಲಿನ ಬುಡದ ಉಬ್ಬನ್ನು ಸುತ್ತುವರಿದು ಹಾನಿ ಮಾಡುತ್ತವೆ. ಇಲ್ಲಿ ಮಕ್ಕಳ ಮುಂದೆ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಆಶ್ಚರ್ಯಸೂಚಕ ಚಿಹ್ನೆ ಬರೆದು, "ಇದು ಒಂದು ಕೂದಲು ಎಂದುಕೊಳ್ಳಿ. ಮೇಲೆ ದಪ್ಪ, ಕೆಳಗೆ ಸಣ್ಣ. ಏನು ನಡೆದಿರಬಹುದು?" ಎಂದು ಕೇಳಿದೆ. ಮೂಲೆಯಲ್ಲಿದ್ದ ವಾಕ್ಯವನ್ನು ನೋಡಿ ಒಬ್ಬಳು ಹೇಳಿದಳು: "ಮೊದಲು ಚೆನ್ನಾಗಿ ಬೆಳೀತಿತ್ತು, ಆಮೇಲೆ ಬುಡಕ್ಕೆ ಏನೋ ಆಯ್ತು." ಸರಿಯಾದ ಉತ್ತರ. ಬುಡ ಸೊರಗುತ್ತಾ ಬಂದಂತೆ ಅದು ತಯಾರಿಸುವ ಕೂದಲೂ ತೆಳುವಾಗಿ, ಕೊನೆಗೆ ಬಿದ್ದುಹೋಗುತ್ತದೆ. ಬೋಳು ಜಾಗದ ಅಂಚಿನಲ್ಲಿ ಕೆಲವು ಮಿಲಿಮೀಟರ್ ಉದ್ದದ ಇಂಥ ಕೂದಲು ಕಂಡರೆ ಕಾಯಿಲೆ ಇನ್ನೂ ಹಬ್ಬುತ್ತಿದೆ ಎಂದರ್ಥ.

ಚರ್ಮದ ಹೊರಪದರಕ್ಕೆ ಏನೂ ಆಗದ ಕಾರಣ ಜಾಗ ನುಣುಪಾಗಿರುತ್ತದೆ, ಹೊಟ್ಟಿಲ್ಲ, ಕೀವಿಲ್ಲ. ಕೆಲವರ ಉಗುರುಗಳ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಸಣ್ಣ ಕುಳಿಗಳಿರುತ್ತವೆ. ಕೂದಲನ್ನು ಮತ್ತೆ ಹುಟ್ಟಿಸಬಲ್ಲ ಮೂಲಕೋಶಗಳು ಉಬ್ಬಿಗಿಂತ ಮೇಲಿದ್ದು, ಅವು ಉಳಿದುಕೊಳ್ಳುತ್ತವೆ. ಆದ್ದರಿಂದ ಒಂದೆರಡು ಜಾಗಗಳಲ್ಲಿ ಮಾತ್ರ ಹೋಗಿದ್ದರೆ ಎಷ್ಟೋ ಜನರಿಗೆ ವರ್ಷದೊಳಗೆ ತಾನಾಗಿಯೇ ಕೂದಲು ಬರುತ್ತದೆ; ಮೊದಲು ಬಿಳಿಯಾಗಿ, ಆಮೇಲೆ ಕಪ್ಪಾಗಿ. ಮತ್ತೆ ಉದುರುವುದೂ ಉಂಟು. ಕೆಲವರಲ್ಲಿ ತಲೆಯ ಕೂದಲೆಲ್ಲ ಹೋಗಬಹುದು. ವೈದ್ಯರು ಸ್ಟೀರಾಯ್ಡ್ ಮುಲಾಮು ಇಲ್ಲವೇ ಚುಚ್ಚುಮದ್ದು ಕೊಡುತ್ತಾರೆ. ಎಣ್ಣೆ ಬದಲಾಯಿಸಿದ್ದಕ್ಕೋ ಸ್ನಾನ ತಪ್ಪಿಸಿದ್ದಕ್ಕೋ ಇದು ಬರುವುದಿಲ್ಲ.

ಈ ಎರಡನ್ನು ಬೆರೆಸಿದವರು ಹಳ್ಳಿಯವರು ಮಾತ್ರವಲ್ಲ. 1843ರಲ್ಲಿ ಪ್ಯಾರಿಸ್‌ನಲ್ಲಿ ಡೇವಿಡ್ ಗ್ರೂಬಿ ತಲೆಯ ಹುಳುಕಡ್ಡಿಯ ಒಂದು ಶಿಲೀಂಧ್ರವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದ. ಆದರೆ ಕಾಯಿಲೆಗೆ ಅವನು ಬಳಸಿದ ಹೆಸರು ನುಣುಪಾಗಿ ಬೋಳಾಗುವ ಇನ್ನೊಂದು ಕಾಯಿಲೆಗೆ ಆಗಲೇ ಇದ್ದ ಹೆಸರು. ಇದರಿಂದ ಅದೂ ಶಿಲೀಂಧ್ರದಿಂದಲೇ ಬರುತ್ತದೆಯೇ ಎಂಬ ಗೊಂದಲ ವೈದ್ಯರಲ್ಲಿ ಬಹುಕಾಲ ಉಳಿಯಿತು.

ಹಂತ 4: ಮೂರು ಕಾರ್ಡ್‌ಗಳು

ಗುಂಪಿಗೊಂದು ಕಾರ್ಡ್ ಕೊಟ್ಟು ಐದು ನಿಮಿಷ ಚರ್ಚೆಗೆ ಬಿಟ್ಟೆ. ವಿವರಗಳನ್ನು ಪಾಠಕ್ಕಾಗಿ ರಚಿಸಿಕೊಂಡಿದ್ದೆ. ತರಗತಿಯ ಯಾವ ಮಗುವನ್ನೂ ಉದಾಹರಣೆಯಾಗಿ ತೆಗೆದುಕೊಳ್ಳಬಾರದು.

*ಕಾರ್ಡ್ 1.* ಏಳು ವರ್ಷದ ಹುಡುಗ. ತಲೆಯ ಹಿಂಭಾಗದಲ್ಲಿ ಬೋಳು ಜಾಗ, ಮೇಲೆ ಬೂದುಬಣ್ಣದ ಹೊಟ್ಟು, ಮುರಿದ ಕೂದಲು, ತುರಿಕೆ. ಕುತ್ತಿಗೆಯ ಹಿಂದೆ ಸಣ್ಣ ಗಂಟು. ಅದೇ ಬಾಚಣಿಗೆ ಬಳಸುವ ತಂಗಿಗೂ ಶುರುವಾಗಿದೆ. ಅಂಗಡಿಯಿಂದ ತಂದ ಮುಲಾಮು ಹಚ್ಚಿದ ಮೇಲೆ ಕೆಂಪು ಇಳಿಯಿತು, ಜಾಗ ಮಾತ್ರ ದೊಡ್ಡದಾಯಿತು.

ಗುಂಪಿನವರು ಹುಳುಕಡ್ಡಿ ಎಂದರು. ಹೊಟ್ಟು, ಮುರಿದ ಕೂದಲು, ತಂಗಿ ಎಂಬ ಮೂರು ಆಧಾರ ಕೊಟ್ಟರು. ಕೊನೆಯ ಸಾಲನ್ನು ನಾನು ವಿವರಿಸಿದೆ. ಅಂಗಡಿಯ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ದೇಹದ ಪ್ರತಿರೋಧವನ್ನು ತಗ್ಗಿಸುವುದರಿಂದ ಕೆಂಪು, ತುರಿಕೆ ಇಳಿಯುತ್ತವೆ. ಶಿಲೀಂಧ್ರ ನಿರಾತಂಕವಾಗಿ ಬೆಳೆಯುತ್ತದೆ. ಒಂದು ಕಾಯಿಲೆಯ ಔಷಧವೇ ಇನ್ನೊಂದಕ್ಕೆ ಗೊಬ್ಬರ. ಹೀಗೇ ಬಿಟ್ಟರೆ ಕೆಲವರಲ್ಲಿ ಮೆತ್ತಗಿನ, ಕೀವು ತುಂಬಿದ ಬಾವು ಎದ್ದು, ವಾಸಿಯಾದ ಮೇಲೂ ಆ ಜಾಗದಲ್ಲಿ ಶಾಶ್ವತವಾಗಿ ಕೂದಲು ಬಾರದೆ ಹೋಗಬಹುದು.

*ಕಾರ್ಡ್ 2.* ಹದಿಮೂರು ವರ್ಷದ ಹುಡುಗಿ. ಜಡೆ ಹೆಣೆಯುವಾಗ ಅಮ್ಮನ ಕಣ್ಣಿಗೆ ಬಿದ್ದದ್ದು: 2 ಸೆಂಟಿಮೀಟರ್ ಅಗಲದ ನುಣುಪು ಜಾಗ. ಹೊಟ್ಟಿಲ್ಲ, ತುರಿಕೆಯಿಲ್ಲ. ಅಂಚಿನಲ್ಲಿ ಬುಡ ಸಣ್ಣಗಾದ ಗಿಡ್ಡ ಕೂದಲು. ಶಾಲೆಯಲ್ಲಿ ಅವಳನ್ನು ಬೇರೆ ಕೂರಿಸಲಾಗಿದೆ.

ಅಲೋಪೀಶಿಯ ಏರಿಯೇಟಾ ಎಂದು ಬೇಗನೆ ಹೇಳಿದರು. "ಬೇರೆ ಕೂರಿಸಿದ್ದು ಸರಿಯೇ?" ಎಂದಾಗ ಒಂದು ಕ್ಷಣ ಸುಮ್ಮನಿದ್ದು, "ಇವಳದ್ದು ಅಂಟೋದೇ ಇಲ್ವಲ್ಲ ಟೀಚರ್" ಎಂದರು. ಮೊದಲನೇ ಕಾರ್ಡಿನ ಹುಡುಗನನ್ನಾದರೂ ಬೇರೆ ಕೂರಿಸಬೇಕೇ ಎಂದು ಮುಂದುವರಿಸಿದೆ. ಅವನಿಗೆ ಬೇಕಾದದ್ದು ಮಾತ್ರೆ, ಪ್ರತ್ಯೇಕ ಬಾಚಣಿಗೆ, ಮನೆಯವರ ತಪಾಸಣೆ. ಚಿಕಿತ್ಸೆ ಶುರುವಾದ ಮೇಲೆ ಶಾಲೆಗೆ ಬರಬಹುದು.

*ಕಾರ್ಡ್ 3.* ಒಂಬತ್ತು ವರ್ಷದ ಹುಡುಗ. ಗುಂಡು ಜಾಗ, ಹೊಟ್ಟು ಇದೆಯೋ ಇಲ್ಲವೋ ಎನ್ನುವಷ್ಟು. ಕೆಲವು ಕಪ್ಪು ಚುಕ್ಕೆಗಳು. ಮನೆಯಲ್ಲಿ ಬೇರೆ ಯಾರಿಗೂ ಇಲ್ಲ.

ಈ ಗುಂಪು ಇಬ್ಭಾಗವಾಯಿತು, ಅದು ಆಗಬೇಕಾದದ್ದೇ. ಕಪ್ಪು ಚುಕ್ಕೆ ಎರಡರಲ್ಲೂ ಕಾಣಬಹುದು, ಹುಳುಕಡ್ಡಿಯಲ್ಲಿ ಹೊಟ್ಟು ಅತಿ ಕಡಿಮೆಯೂ ಇರಬಹುದು. ಕೂದಲು ಕೀಳುವ ಅಭ್ಯಾಸವಿರುವ ಮಕ್ಕಳಲ್ಲೂ ಬೋಳು ಜಾಗ ಆಗುತ್ತದೆ. ಅಲ್ಲಿ ಕೂದಲು ಒಂದೊಂದು ಉದ್ದಕ್ಕೆ ತುಂಡಾಗಿರುತ್ತದೆ. ಇಲ್ಲಿ ಪರೀಕ್ಷೆಯೇ ದಾರಿ. ಜಾಗವನ್ನು ಕೆರೆದು ತೆಗೆದ ಹೊಟ್ಟು ಮತ್ತು ಮುರಿದ ಕೂದಲನ್ನು ಗಾಜಿನ ಪಟ್ಟಿಯ ಮೇಲಿಟ್ಟು 10ರಿಂದ 20 ಶೇಕಡ KOH ದ್ರಾವಣ ಹಾಕುತ್ತಾರೆ. ಅದು ಕೆರಾಟಿನ್ ಅನ್ನು ಕರಗಿಸಿ ತಿಳಿಯಾಗಿಸುತ್ತದೆ. ಶಿಲೀಂಧ್ರದ ಕೋಶಭಿತ್ತಿ ಕರಗದೆ ಉಳಿದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಕಾಣಲಿಲ್ಲವೆಂದ ಮಾತ್ರಕ್ಕೆ ಶಿಲೀಂಧ್ರ ಇಲ್ಲ ಎಂದೂ ಅಲ್ಲ; ಆಗ ಮಾದರಿಯನ್ನು ಬೆಳೆಸಿ ನೋಡುತ್ತಾರೆ, ಅದಕ್ಕೆ ಕೆಲವು ವಾರ ಹಿಡಿಯುತ್ತದೆ.

ಮೌಲ್ಯಮಾಪನ

1. ಹುಳುಕಡ್ಡಿಯಲ್ಲಿ ಹೊಟ್ಟು ಏಳುತ್ತದೆ, ಅಲೋಪೀಶಿಯ ಏರಿಯೇಟಾದಲ್ಲಿ ಏಳುವುದಿಲ್ಲ. ಕೂದಲಿನ ಚಿತ್ರ ಬರೆದು ಕಾರಣ ತಿಳಿಸಿ.
2. ಮಾತ್ರೆಯನ್ನು ವಾರಗಟ್ಟಲೆ ಏಕೆ ನುಂಗಬೇಕು?
3. ನಿಮ್ಮ ಗೆಳೆಯನ ತಲೆಯಲ್ಲಿ ಬೋಳು ಜಾಗ ಕಂಡಿತು. ನೀವು ಯಾರಿಗೆ ಹೇಳುತ್ತೀರಿ, ಯಾರಿಗೆ ಹೇಳುವುದಿಲ್ಲ?

ಇದೇ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ: ಮೂರನೆಯ ಕಾರ್ಡನ್ನು ಬಿಡಬೇಡಿ. ಮೊದಲೆರಡರಲ್ಲೇ ಪಾಠ ಮುಗಿದರೆ ಮಕ್ಕಳು ಒಬ್ಬರ ತಲೆ ಇನ್ನೊಬ್ಬರು ನೋಡಿ ಕಾಯಿಲೆಯ ಹೆಸರು ಹೇಳಲು ಹೊರಡುತ್ತಾರೆ. ಮೂರನೇ ಪ್ರಶ್ನೆಗೆ ಹೆಚ್ಚಿನವರು ಬರೆದ ಉತ್ತರ "ಅವನಿಗೆ ಮತ್ತು ಟೀಚರಿಗೆ ಹೇಳುತ್ತೇನೆ, ತರಗತಿಗೆ ಹೇಳುವುದಿಲ್ಲ" ಎಂದಿತ್ತು. ಆ ಮಾತು ಕಿವಿಗೆ ಬಿದ್ದ ಶಿಕ್ಷಕರು ಮಾಡಬೇಕಾದದ್ದು ಮಗುವನ್ನು ಎಬ್ಬಿಸಿ ಬೇರೆ ಕೂರಿಸುವುದಲ್ಲ, ಪೋಷಕರಿಗೆ ಒಂದು ಚೀಟಿ ಬರೆದು ಚರ್ಮವೈದ್ಯರ ಬಳಿಗೆ ಕಳಿಸುವುದು.